ದೀಪಾವಳಿ ಶುಭಾಶಯದ ಕ್ಯಾಪ್ಷನ್: ಎಣ್ಣೆ ಗಾಣದವರು ಎಣ್ಣೆ ಮಾರದೆ ಏನು ಬರೆಯಬೇಕು?

ಗಾಣದ ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ಕಡೆ ಸಣ್ಣ ಮರದ ಗಾಣ. ಎರಡು ಗಾಣ, ಒಬ್ಬ ಆಳು, ಅಪ್ಪ ಮತ್ತು ನಾನು. ಶೇಂಗಾ, ಕೊಬ್ಬರಿ, ಎಳ್ಳು ಮೂರೂ ಆಡಿಸುತ್ತೇವೆ. ನಮ್ಮೂರು ಎಣ್ಣೆ ಮಿಲ್ಲುಗಳ ಊರು, ಅವುಗಳ ಮುಂದೆ ನಾವು ಲೆಕ್ಕಕ್ಕಿಲ್ಲ.

ಹೋದ ವರ್ಷ ದೀಪಾವಳಿಗೆ ಹೀಗೆ ಹಾಕಿದ್ದೆವು: "ಸಮಸ್ತ ಗ್ರಾಹಕ ಬಾಂಧವರಿಗೆ, ಹಿತೈಷಿಗಳಿಗೆ, ಬಂಧು ಮಿತ್ರರಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಷಯಗಳು. ಹಬ್ಬದ ಪ್ರಯುಕ್ತ ಎಲ್ಲಾ ಎಣ್ಣೆಗಳ ಮೇಲೆ 10% ರಿಯಾಯಿತಿ. ಇಂದೇ ಕರೆ ಮಾಡಿ." ಕೆಳಗೆ ಎರಡು ಫೋನ್ ನಂಬರ್, ಪಕ್ಕದಲ್ಲಿ ಕೈ ಮುಗಿದ ಅಪ್ಪನ ಫೋಟೋ. ಲೈಕ್ ಕೊಟ್ಟವರು ಹೆಚ್ಚುಕಡಿಮೆ ನೆಂಟರೇ. ಅದಾದ ಒಂದು ವಾರಕ್ಕೆ ಒನಕೆ ಸವೆದು ಹೋಗಿ ಹೊಸದು ಕೂರಿಸಿದ್ದನ್ನು ಸುಮ್ನೆ ವೀಡಿಯೊ ಮಾಡಿ ಹಾಕಿದೆ. ಅದಕ್ಕೆ ಗೊತ್ತಿಲ್ಲದವರೂ ಬಂದು ಮಾತಾಡಿದರು.

ಈ ಸಲ ಹಬ್ಬಕ್ಕೆ ಒಂದು ಒಳ್ಳೆ ಕ್ಯಾಪ್ಷನ್ ಬೇಕು. ಮಾರಾಟದ ವಾಸನೆ ಬರಬಾರದು, ಆದರೆ ನಮ್ಮದು ಅಂತ ಗೊತ್ತಾಗಬೇಕು. ನಾನೇ ಬರೆದದ್ದು ಇದು: "ಬೆಳಕಿನ ಹಬ್ಬದಂದು ನಮ್ಮ ಶುದ್ಧ ಗಾಣದ ಎಣ್ಣೆ ನಿಮ್ಮ ಬಾಳಲ್ಲಿ ಬೆಳಕು ತರಲಿ." ಹೇಗಿದೆ?

ರೀಚ್ ಗುರು

ಬ್ರೋ, ಚೆನ್ನಾಗಿದೆ. ಆದರೆ ಕೊನೆಗೆ "ಈಗಲೇ ಆರ್ಡರ್ ಮಾಡಿ" ಇರಲೇಬೇಕು. ಅದಿಲ್ಲದ ಪೋಸ್ಟ್ ವೇಸ್ಟ್. ಮೂಲೆಯಲ್ಲಿ ಲೋಗೋ, ಕೆಳಗೆ ಒಂದು ಇಪ್ಪತ್ತು ಹ್ಯಾಶ್‌ಟ್ಯಾಗ್. ಅಮುಲ್ ನೋಡಿ ಕಲೀರಿ, ಯಾವ ಹಬ್ಬ ಬಂದರೂ ಬೆಣ್ಣೆ ಬಿಡೋದಿಲ್ಲ. ಮಾತಲ್ಲಿ ಒಂದು ಪನ್ ಇರುತ್ತೆ, ಕೆಳಗೆ ಬೆಣ್ಣೆ ಇರುತ್ತೆ. ನೀವೂ ಎಣ್ಣೆ ಮೇಲೆ ಒಂದು ಪನ್ ಹೊಡೀರಿ.

ಪದಗಳ ಅಂಗಡಿ

ಬೆಂಗಳೂರಲ್ಲಿ 14 ವರ್ಷದಿಂದ ಜಾಹೀರಾತು ಬರೆಯೋದೇ ನನ್ನ ಕೆಲಸ. ಅದಕ್ಕೇ ಸ್ವಲ್ಪ ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ.

ನಿಮ್ಮ ವಾಕ್ಯದಲ್ಲಿ "ಶುದ್ಧ ಗಾಣದ ಎಣ್ಣೆ" ತೆಗೆದು "ಇನ್ವರ್ಟರ್" ಅಂತ ಹಾಕಿ ಓದಿ. "ನಮ್ಮ ಇನ್ವರ್ಟರ್ ನಿಮ್ಮ ಬಾಳಲ್ಲಿ ಬೆಳಕು ತರಲಿ." ಇನ್ನೂ ಚೆನ್ನಾಗಿ ಕೂರುತ್ತೆ, ಅಲ್ವಾ? ಯಾರದ್ದಾದರೂ ಆಗಬಹುದಾದ ಮಾತಿಗೆ ನೀವು ಬ್ರ್ಯಾಂಡ್ ಅಂಟಿಸಿದ್ದೀರಿ. ಅಂಟಿಸಿದ್ದು ಕಾಣುತ್ತೆ, ಅದಕ್ಕೇ ಮಾರಾಟದ ವಾಸನೆ.

ಇನ್ನೊಂದು, ಅಲ್ಲಿ ಹಾರೈಸುತ್ತಿರೋರು ಯಾರು? ನೀವಲ್ಲ, ಎಣ್ಣೆ. ಒಳ್ಳೇದು ಮಾಡೋ ಕೆಲಸವನ್ನು ದೇವರಿಂದ ಕಿತ್ತುಕೊಂಡು ಬಾಟಲಿಗೆ ಕೊಟ್ಟ ಹಾಗಿದೆ.

ರೀಚ್ ಗುರು ಹೇಳಿದ ಅಮುಲ್ ಮಾತು ಅರ್ಧ ಸರಿ. ಬೆಣ್ಣೆ ಬಿಡೋದಿಲ್ಲ ಅನ್ನೋದು ನಿಜ. ಆದರೆ ಆ ಹುಡುಗಿ 1966ರಿಂದ ಹೋರ್ಡಿಂಗ್ ಮೇಲಿದ್ದಾಳೆ. ಚುಕ್ಕಿ ಫ್ರಾಕ್ ನೋಡಿದ ತಕ್ಷಣ ಜನರಿಗೆ ಯಾರದ್ದು ಅಂತ ಗೊತ್ತು, ಆಮೇಲೆ ಪನ್ ಓದ್ತಾರೆ. ಗಾಣದ ಮಗನನ್ನು ಜನ ಇನ್ನೂ ಗುರುತು ಹಿಡಿಯಬೇಕು. ಗುರುತಿಲ್ಲದವರು ಬಂದ ಕೂಡಲೇ ಜೋಕ್ ಹೊಡೆದರೆ ಹೇಗಿರುತ್ತೆ? ಮೇಲಾಗಿ ಕನ್ನಡದಲ್ಲಿ "ಎಣ್ಣೆ" ಮೇಲೆ ಪನ್ ಹೊಡೆದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಿಮಗೇ ಗೊತ್ತು.

ಹುಬ್ಬಳ್ಳಿ ಗ್ಯಾರೇಜ್

ಎಣ್ಣೆ ಪನ್ ಬ್ಯಾಡ್ರಿ ಅಣ್ಣಾ 😂 ನಮ್ಮ ಓಣಿ ಹುಡುಗರು ಕಾಮೆಂಟಿನ್ಯಾಗ ಬಾರ್ ತೆಗೀತಾರ.

ಅಕ್ಕಾರ, ನಮ್ಮದು ಟೂ ವೀಲರ್ ಗ್ಯಾರೇಜ್ ಐತಿ. ಆಯುಧ ಪೂಜೆಗೆ ನಮಗೂ ಒಂದು ಬರದು ಕೊಡ್ರಿ. ಹೋದ ಸಲ ಫೋಟೋ ಆ್ಯಪ್‌ನ್ಯಾಗ ಸಿಗೋ ಟೆಂಪ್ಲೇಟ್ ಹಾಕಿದ್ದೆ. ದೇವಿ ಫೋಟೋ, ಕೆಳಗ ನಮ್ಮ ಹೆಸರು. ನಮ್ಮ ಎದುರಿನ ಗ್ಯಾರೇಜಿನವನೂ ಅದನ್ನ ಹಾಕಿದ್ದ. ಹೆಸರು ಅಷ್ಟ ಬ್ಯಾರೆ.

ಪದಗಳ ಅಂಗಡಿ

ಅಣ್ಣ, ನಿಮ್ಮದು ಬೇರೆ ಪ್ರಶ್ನೆ, ಆದರೂ ಒಂದು ಮಾತು. ಪೂಜೆ ದಿನ ನೀವು ಸ್ಪ್ಯಾನರ್‌ಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತೀರಲ್ಲ, ಅದರ ಫೋಟೋ ತೆಗೀರಿ. ಎದುರಿನವನ ಹತ್ತಿರ ಆ ಸ್ಪ್ಯಾನರ್ ಇರೋದಿಲ್ಲ. ಅದರಲ್ಲಿ ಯಾವುದು ಹಳೇದು, ಯಾರು ಕೊಟ್ಟದ್ದು, ಅಷ್ಟು ಬರೆದರೆ ಸಾಕು.

ಗಾಣದ ಮಗ, ನಿಮಗೂ ಅದೇ ಕೇಳ್ತೀನಿ. ದೀಪಾವಳಿಯ ಮೂರು ದಿನದಲ್ಲಿ ನಿಮ್ಮ ಎಣ್ಣೆ ಎಲ್ಲೆಲ್ಲಿ ಹೋಗುತ್ತೆ?

ಗಾಣದ ಮಗ

ಯೋಚನೆ ಮಾಡಿರಲಿಲ್ಲ ಅಕ್ಕ. ಚತುರ್ದಶಿ ಬೆಳಿಗ್ಗೆ ತಲೆಗೆ ಎಣ್ಣೆ ಒತ್ತುತ್ತಾರೆ, ನಮ್ಮಲ್ಲಿ ಎಳ್ಳೆಣ್ಣೆ. ಅಮಾವಾಸ್ಯೆ ಸಂಜೆ ದೀಪಕ್ಕೆ. ಪಾಡ್ಯದ ದಿನ ಎಣ್ಣೆ ಏನಿಲ್ಲ, ಆದರೆ ದನಗಳಿಗೆ ಪೂಜೆ ಮಾಡಿ ತಿನ್ನಿಸುವಾಗ ನಮ್ಮ ಶೇಂಗಾ ಹಿಂಡಿಯನ್ನೂ ಇಡುತ್ತಾರೆ. ಸುತ್ತಲಿನ ಮೂರ್ನಾಲ್ಕು ಹಳ್ಳಿಯವರು ಹಿಂಡಿಗೆ ಅಂತಲೇ ಬರ್ತಾರೆ.

ಪದಗಳ ಅಂಗಡಿ

ನೋಡಿ, ಮೂರೂ ದಿನ ನೀವು ಆಗಲೇ ಆ ಮನೆಗಳ ಒಳಗಿದ್ದೀರಿ. ಕದ ತಟ್ಟೋ ಅಗತ್ಯವೇ ಇಲ್ಲ.

ಆದರೆ ಮೂರನ್ನೂ ಒಂದೇ ಕ್ಯಾಪ್ಷನ್‌ಗೆ ತುಂಬಬೇಡಿ. "ಮೊದಲ ದಿನ ನೆತ್ತಿಗೆ, ಎರಡನೇ ದಿನ ದೀಪಕ್ಕೆ, ಮೂರನೇ ದಿನ ಹಸುವಿಗೆ" ಅಂದರೆ ಪಟ್ಟಿ ಆಗುತ್ತೆ, ಪಟ್ಟಿ ಅಂದರೆ ಮತ್ತೆ ಮಾರಾಟ. ನಾನಾದರೆ ನೆತ್ತಿಯನ್ನು ಆರಿಸ್ತೀನಿ. ದೀಪ ಎಲ್ಲರೂ ಹಾಕ್ತಾರೆ, ಬ್ಯಾಂಕಿನವರೂ ಹಾಕ್ತಾರೆ. ನೆತ್ತಿಗೆ ಎಣ್ಣೆ ತಟ್ಟೋ ಕೈ ಬ್ಯಾಂಕಿಗೆ ಹೊಂದೋದಿಲ್ಲ. ಹಿಂಡಿಯನ್ನು ಪಾಡ್ಯಕ್ಕೆ ಬೇರೆಯಾಗಿ ಹಾಕಿ, ಬರೀ ಫೋಟೋ, ಒಂದು ಸಾಲು.

ಒಂದು ಕರಡು ಬರೀತೀನಿ, ಕಿತ್ತು ಹಾಕಿ:

"ನಾಳೆ ಕತ್ತಲಿರುವಾಗಲೇ ಎಬ್ಬಿಸಿ ಮಣೆ ಮೇಲೆ ಕೂರಿಸುತ್ತಾರೆ. ನೆತ್ತಿಗೆ ಎಣ್ಣೆ ತಟ್ಟುವ ಆ ಕೈ, ನಿಮ್ಮ ಮನೆಯಲ್ಲಿ ಯಾರದು?"

ಎಣ್ಣೆ ಇದೆ, ಆದರೆ ಯಾರ ಎಣ್ಣೆ ಅಂತ ಹೇಳಿಲ್ಲ.

ರೀಚ್ ಗುರು

ಅದೇ ಪ್ರಾಬ್ಲಂ ಮೇಡಂ. ಯಾರ ಎಣ್ಣೆ ಅಂತ ಹೇಳದಿದ್ದರೆ ಬ್ರ್ಯಾಂಡ್ ಎಲ್ಲಿ ಬಂತು? ಪ್ರಶ್ನೆ ಕೇಳಿದ್ದು ಸೂಪರ್, ಕಾಮೆಂಟ್ ಬರ್ತವೆ.

ಪದಗಳ ಅಂಗಡಿ

ಹೆಸರು ಎಲ್ಲಿ ಬರುತ್ತೆ ಅಂತ ಒಮ್ಮೆ ನೋಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಮೇಲೆ ಖಾತೆ ಹೆಸರು, ಕೆಳಗೆ ಕ್ಯಾಪ್ಷನ್ ಶುರುವಾಗುವ ಜಾಗದಲ್ಲಿ ಮತ್ತೆ ಅದೇ ಹೆಸರು. ಓದೋ ಹೊತ್ತಿಗೆ ಎರಡು ಸಲ ಹೇಳಿ ಆಗಿರುತ್ತೆ. ಮೂಲೆಯ ಲೋಗೋ ಮೂರನೇ ಸಲ, ಕ್ಯಾಪ್ಷನ್ ಒಳಗಿನ ಹೆಸರು ನಾಲ್ಕನೇ ಸಲ. ಯಾರಾದರೂ ಹಬ್ಬಕ್ಕೆ ಮನೆಗೆ ಬಂದು ನಾಲ್ಕು ಸಲ ತಮ್ಮ ಹೆಸರು ಹೇಳಿದರೆ ಏನು ಅಂದುಕೊಳ್ತೀರಿ?

ಇನ್ನೊಂದು ಲೆಕ್ಕ. ಅಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣೋದು, ಉಳಿದದ್ದು ಮಡಚಿಕೊಳ್ಳುತ್ತೆ. ಹೋದ ವರ್ಷ ಆ ಜಾಗವನ್ನು "ಸಮಸ್ತ ಗ್ರಾಹಕ ಬಾಂಧವರಿಗೆ, ಹಿತೈಷಿಗಳಿಗೆ, ಬಂಧು ಮಿತ್ರರಿಗೆ" ತಿಂದು ಹಾಕಿತ್ತು. ಹಬ್ಬದ ಹೆಸರು ಬರೋದರೊಳಗೆ ಜನ ಮುಂದೆ ಹೋಗಿದ್ದರು. ಅಂದ ಹಾಗೆ "ಶುಭಾಷಯ" ಅಲ್ಲ, "ಶುಭಾಶಯ". ಶುಭ ಆಶಯ. ಫ್ಲೆಕ್ಸ್ ಮಾಡಿಸಿದ್ದರೆ ಅದನ್ನೂ ನೋಡಿಕೊಳ್ಳಿ.

ಗಾಣದ ಮಗ

ಫ್ಲೆಕ್ಸ್ ಇನ್ನೂ ಅಂಗಡಿ ಮುಂದೇ ಇದೆ ಅಕ್ಕ. ಆರಡಿ ಉದ್ದ. 🙈

ಸುಮ್ನೆ ಬಂದೆ

ಎಳ್ಳೆಣ್ಣೆ ಲೀಟರಿಗೆ ಎಷ್ಟು? ಮೈಸೂರಿಗೆ ಕಳಿಸ್ತೀರಾ?

ಗಾಣದ ಮಗ

ಸರ್, ಮೆಸೇಜ್ ಮಾಡ್ತೀನಿ. ಎರಡೂವರೆ ಕೆಜಿ ಎಳ್ಳು ಆಡಿಸಿದರೆ ಸುಮಾರು ಒಂದು ಲೀಟರ್ ಬರೋದು, ಹಾಗಾಗಿ ರೇಟು ಜಾಸ್ತಿ ಅನ್ನಿಸಬಹುದು. ಆಡಿಸುವಾಗ ಒಂಚೂರು ಬೆಲ್ಲ ಹಾಕ್ತೀವಿ, ಎಣ್ಣೆ ಬೇಗ ಬಿಡುತ್ತೆ ಅಂತ. ಬೆಲ್ಲ ಯಾಕೆ ಅಂತ ಆಮೇಲೆ ಕೇಳಬೇಡಿ.

ಪದಗಳ ಅಂಗಡಿ

ಈ ಬೆಲ್ಲದ ವಿಷಯ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?! ಹಬ್ಬಕ್ಕೆ ಬೇಡ, ಎತ್ತಿಡಿ. ಮಾಮೂಲಿ ದಿನ ಒಂದು ಪೋಸ್ಟ್ ಆಗುತ್ತೆ.

ಮಲ್ನಾಡ್ ಸೊಸೆ

ಕ್ಯಾಪ್ಷನ್ ಚೆನ್ನಾಗಿದೆ. ಆದರೆ ಯಾವಾಗ ಹಾಕ್ತೀರಿ ಅನ್ನೋದು ಮುಖ್ಯ. "ನಾಳೆ" ಅಂತಿದೆ. ಬಹಳಷ್ಟು ಅಂಗಡಿಯವರು ಅಮಾವಾಸ್ಯೆ ದಿನ ಬೆಳಿಗ್ಗೆ ಹತ್ತಕ್ಕೆ ಹಾಕ್ತಾರೆ, ಲಕ್ಷ್ಮೀ ಪೂಜೆ ಲೆಕ್ಕದಲ್ಲಿ. ಅಷ್ಟು ಹೊತ್ತಿಗೆ ಎಣ್ಣೆ ನೀರು ಮುಗಿದಿರುತ್ತೆ. ಇದು ನೀರು ತುಂಬುವ ಹಬ್ಬದ ಸಂಜೆ ಹೋಗಬೇಕು, ತ್ರಯೋದಶಿ ಸಂಜೆ. ನಮ್ಮ ಕಡೆ ಅವತ್ತು ಹಂಡೆ ಉಜ್ಜಿ, ಸುಣ್ಣ ಜಾಜು ಬಳಿದು, ಹಿಂಡಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ನೀರು ತಂದು ತುಂಬಿಸ್ತಾರೆ. ಹಂಡೆ ತುಂಬಿಸಿ ಬಂದು ಫೋನ್ ಹಿಡಿದು ಕೂತಾಗ "ನಾಳೆ ಕತ್ತಲಿರುವಾಗಲೇ" ಅಂತ ಕಂಡರೆ ಸರಿಯಾಗಿ ಕೂರುತ್ತೆ.

ಕೆಲವು ವರ್ಷ ಚತುರ್ದಶಿ ಅಮಾವಾಸ್ಯೆ ಒಂದೇ ದಿನ ಬಿದ್ದ ಹಾಗೆ ಆಗುತ್ತೆ. ಪಂಚಾಂಗ ನೋಡಿ ಹಾಕಿ, ಫೋನಿನ ಕ್ಯಾಲೆಂಡರ್ ನಂಬಬೇಡಿ.

ಫೋಟೋದಲ್ಲಿ ಹಂಡೆ ಬಳ್ಳಿ ಹಾಕಿದರೆ ನಮಗೆ ಖುಷಿ.

ಹುಬ್ಬಳ್ಳಿ ಗ್ಯಾರೇಜ್

ಹಂಡೇಕ್ಕ ಬಳ್ಳಿ ಸುತ್ತೋದು ನಾ ನೋಡಿಲ್ರಿ. ನಮ್ಮಲ್ಲಿ ಬೆಳಗಿನ ಜಾವ ಎರಕೊಂಡು ಬಂದ್ರ ಅಕ್ಕ ತಂಗ್ಯಾರು ಆರತಿ ಮಾಡ್ತಾರ. ಪಾಡ್ಯೇಕ ಸಗಣಿಯಿಂದ ಪಾಂಡವರನ್ನ ಮಾಡಿ ಬಾಗಿಲಕ್ಕ ಇಡ್ತಾರ. ಒಂದೊಂದು ಊರಾಗ ಒಂದೊಂದು.

ಮಲ್ನಾಡ್ ಸೊಸೆ

ಗಾಣ ಇರೋದು ಚಳ್ಳಕೆರೆಯಲ್ಲಿ, ಅವರ ಮನೆಯಲ್ಲಿ ಹೇಗಿದೆಯೋ ಹಾಗೇ ಇರಲಿ ಅನ್ನೋದಾದರೆ ನನ್ನದೇನೂ ತಕರಾರಿಲ್ಲ. ಆದರೆ ಕೊಳ್ಳೋರು ಬೆಂಗಳೂರಲ್ಲೂ ಇದ್ದರೆ, ಅಲ್ಲಿ ಎಲ್ಲ ಊರಿನವರೂ ಇದ್ದಾರೆ.

ಬನಶಂಕರಿ ಓದುಗಿ

ನಾನು ಇಲ್ಲಿ ಬರೆಯೋದು ಕಮ್ಮಿ. ಒಂದು ಮಾತು ಹೇಳಬೇಕು ಅನ್ನಿಸಿತು. ಹೋದ ವರ್ಷ ಶ್ರಾವಣದಲ್ಲಿ ನಮ್ಮಮ್ಮ ಹೋದರು. "ಆ ಕೈ ನಿಮ್ಮ ಮನೆಯಲ್ಲಿ ಯಾರದು?" ಅಂತ ಓದಿ ಫೋನ್ ಕೆಳಗಿಟ್ಟೆ. ತಪ್ಪು ಅಂತ ಅಲ್ಲ. ಆದರೆ ಹಬ್ಬದ ಹಿಂದಿನ ಸಂಜೆ ಒಂದು ಅಂಗಡಿ ನನ್ನನ್ನು ಈ ಪ್ರಶ್ನೆ ಕೇಳಿದರೆ ನನಗೆ ಉತ್ತರ ಇಲ್ಲ.

ಪದಗಳ ಅಂಗಡಿ

ಕ್ಷಮಿಸಿ. ನನಗೆ ಇದು ಹೊಳೆಯಬೇಕಿತ್ತು. ಕಾಮೆಂಟ್ ಬರಲಿ ಅಂತ ಪ್ರಶ್ನೆ ಹಾಕಿದೆ, ಅದು ಸುಳ್ಳಲ್ಲ.

ಪ್ರಶ್ನೆ ತೆಗೆದುಬಿಡೋಣ. "ತಟ್ಟುವ ಕೈ" ಅನ್ನೋದನ್ನು "ತಟ್ಟಿದ ಕೈ" ಮಾಡೋಣ. "ತಟ್ಟುವ" ಅಂದರೆ ನಾಳೆ ಆ ಕೈ ಇರಲೇಬೇಕು. "ತಟ್ಟಿದ" ಅಂದರೆ ಇವತ್ತು ಇರೋರೂ ಸೇರ್ತಾರೆ, ಹೋದವರೂ ಸೇರ್ತಾರೆ. ಯಾರಿಗೂ ಉತ್ತರ ಕೊಡೋ ಕೆಲಸ ಇಲ್ಲ.

"ನಾಳೆ ಕತ್ತಲಿರುವಾಗಲೇ ಎಬ್ಬಿಸಿ ಮಣೆ ಮೇಲೆ ಕೂರಿಸುತ್ತಾರೆ.
ನೆತ್ತಿಗೆ ಎಣ್ಣೆ ತಟ್ಟಿದ ಕೈಗಳಿಗೆಲ್ಲ ಹಬ್ಬದ ನಮಸ್ಕಾರ."

ಮೊದಲ ಸಾಲು ಇನ್ನೂ ಚುಚ್ಚುತ್ತಾ?

ಬನಶಂಕರಿ ಓದುಗಿ

ಇಲ್ಲ. ಎರಡನೇ ಸಾಲಿನಲ್ಲಿ ನಮ್ಮಮ್ಮ ಇದ್ದಾರೆ. ಸಾಕು.

ರೀಚ್ ಗುರು

ಓಕೆ, ಈ ಸಾಲು ಒಪ್ಪಿದೆ. ಆದರೂ ಎಣ್ಣೆ ಒಳ್ಳೇದು ಅಂತ ಎಲ್ಲೋ ಒಂದು ಕಡೆ ಬರಬೇಕಲ್ವಾ? ಮೂರನೇ ಸಾಲಲ್ಲಿ "ಕೊಲೆಸ್ಟ್ರಾಲ್‌ಗೆ ಗುಡ್ ಬೈ, ಕೂದಲಿಗೆ ಆರೈಕೆ" ಅಂತ ಸಣ್ಣದಾಗಿ ಹಾಕಿದರೆ ತಪ್ಪೇನು?

ಲೇಬಲ್ ನೋಡಿ

ತಪ್ಪಿದೆ ಸರ್. ಸಣ್ಣ ಆಹಾರ ಉದ್ದಿಮೆಗಳಿಗೆ ಲೈಸೆನ್ಸ್, ಲೇಬಲ್ ಕೆಲಸ ಮಾಡಿಕೊಡೋನು ನಾನು. ಅಡುಗೆ ಎಣ್ಣೆಯ ಮೇಲೆ ಬಳಸಬಾರದ ಪದಗಳು ಅಂತಲೇ ಆಹಾರ ಸುರಕ್ಷತೆ ನಿಯಮದಲ್ಲಿ ಇವೆ. ಆ್ಯಂಟಿ ಕೊಲೆಸ್ಟ್ರಾಲ್, ಕೊಲೆಸ್ಟ್ರಾಲ್ ಫ್ರೆಂಡ್ಲಿ, ಹೃದಯಕ್ಕೆ ಹಿತ ಅನ್ನೋ ಥರದ ಮಾತು ಬರಬಾರದು. ಪ್ಯಾಕೆಟ್ ಮೇಲೆ ಮಾತ್ರ ಅಲ್ಲ, ಜಾಹೀರಾತಿನಲ್ಲೂ. ವ್ಯಾಪಾರದ ಖಾತೆಯಲ್ಲಿ ಹಾಕಿದ ಹಬ್ಬದ ಪೋಸ್ಟ್ ಕೂಡ ಜಾಹೀರಾತೇ ಅಂತ ಯಾರಾದರೂ ಹಿಡಿದರೆ ನಿಮ್ಮ ಹತ್ತಿರ ಉತ್ತರ ಇರೋದಿಲ್ಲ.

ಕೂದಲಿನ ಮಾತು ಇನ್ನೊಂದು ರಗಳೆ. ಗಾಣದ ಮಗನ ಲೈಸೆನ್ಸ್ ತಿನ್ನುವ ಎಣ್ಣೆಗೆ. ತಲೆಗೆ ಹಚ್ಚುವ ಎಣ್ಣೆ ಅಂತ ಮಾರಲು ಹೊರಟರೆ ಅದು ಕಾಸ್ಮೆಟಿಕ್ ಲೆಕ್ಕ, ಅದರ ಕಾನೂನು ಬೇರೆ. ಕೊಬ್ಬರಿ ಎಣ್ಣೆ ತಿನ್ನೋದೋ ಹಚ್ಚೋದೋ ಅನ್ನೋ ತೆರಿಗೆ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 2024ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಸಣ್ಣ ಪ್ಯಾಕ್ ಅನ್ನೋ ಒಂದೇ ಕಾರಣಕ್ಕೆ ಹೇರ್ ಆಯಿಲ್ ಆಗೋದಿಲ್ಲ, ಲೇಬಲ್ ಏನು ಹೇಳುತ್ತೆ, ಹೇಗೆ ಪ್ಯಾಕ್ ಮಾಡಿದ್ದಾರೆ ಅನ್ನೋದನ್ನೂ ನೋಡಬೇಕು ಅಂತ. ಅಂದರೆ ನೀವು ಏನು ಬರೀತೀರಿ ಅನ್ನೋದಕ್ಕೆ ತೂಕ ಇದೆ.

ಗಾಣದ ಮಗ

ಹಾಗಾದರೆ "ನೆತ್ತಿಗೆ ಎಣ್ಣೆ ತಟ್ಟಿದ" ಅನ್ನೋದೂ ತೊಂದರೆನಾ ಸರ್?

ಲೇಬಲ್ ನೋಡಿ

ನನ್ನ ಅಭಿಪ್ರಾಯದಲ್ಲಿ ಇಲ್ಲ. ಅದು ಪದ್ಧತಿಯ ಮಾತು, ನಿಮ್ಮ ಎಣ್ಣೆ ಏನು ಮಾಡುತ್ತೆ ಅನ್ನೋ ಮಾತಲ್ಲ. ಆದರೆ ಪಕ್ಕದಲ್ಲಿ ಲೇಬಲ್ ಕಾಣೋ ಹಾಗೆ ಬಾಟಲಿ ಇಡಬೇಡಿ. ಆಗ ಎರಡನ್ನೂ ಸೇರಿಸಿ ಓದ್ತಾರೆ. ಇನ್ನೊಬ್ಬ ಕನ್ಸಲ್ಟೆಂಟ್ ಕೇಳಿದರೆ ನೆತ್ತಿ ಬಿಟ್ಟು ದೀಪ ಹಿಡೀರಿ ಅಂತಲೂ ಹೇಳಬಹುದು.

ಪದಗಳ ಅಂಗಡಿ

ಬಾಟಲಿ ಬೇಡ ಅಂತ ನಾನೂ ಹೇಳೋಳಿದ್ದೆ, ಕಾರಣ ಮಾತ್ರ ಬೇರೆ. ಎಣ್ಣೆ ಒತ್ತುವಾಗ ಯಾರ ಮನೆಯಲ್ಲೂ ಬಾಟಲಿ ಹಿಡಿದು ಸುರಿಯೋದಿಲ್ಲ. ಒಂದು ಹಿತ್ತಾಳೆ ಬಟ್ಟಲಿಗೆ ಹಾಕಿಕೊಂಡು, ಬೆಚ್ಚಗೆ ಮಾಡಿ ಇಟ್ಟುಕೊಳ್ತಾರೆ. ಆ ಬಟ್ಟಲು, ಅದರಲ್ಲಿ ಅದ್ದಿದ ಎರಡು ಬೆರಳು, ಅಷ್ಟೇ ಫೋಟೋ. ನಿಮ್ಮ ಎಳ್ಳೆಣ್ಣೆಯ ಬಣ್ಣ ಹಾಗೇ ಕಾಣಲಿ, ಫಿಲ್ಟರ್ ಹಾಕಿ ಹೊಳಪು ಮಾಡಬೇಡಿ. ದಿನಾ ನಿಮ್ಮ ಎಣ್ಣೆ ಬಳಸೋರಿಗೆ ಆ ಬಣ್ಣ ಗೊತ್ತಾಗುತ್ತೆ. ನಿಮ್ಮ ಲೋಗೋ ಅದೇ.

ಗಾಣದ ಮಗ

ಅಪ್ಪನಿಗೆ ಓದಿ ಹೇಳಿದೆ. ಮೂರು ತಕರಾರು. ಒಂದು, "ಶುಭಾಶಯ" ಅನ್ನೋ ಪದವೇ ಇಲ್ಲ, ಜನ ಇದನ್ನು ಶುಭಾಶಯ ಅಂತ ಹೇಗೆ ತಿಳಿಯಬೇಕು? ಎರಡು, ಫೋನ್ ನಂಬರ್ ಎಲ್ಲಿ? ಮೂರು, ರಿಯಾಯಿತಿ ಹೇಳದಿದ್ದರೆ ಹಬ್ಬದ ವ್ಯಾಪಾರ ಹೇಗೆ?

ಪದಗಳ ಅಂಗಡಿ

ಮೂರನೆಯದು ಮೊದಲು. ಹಬ್ಬದ ಎಣ್ಣೆಯನ್ನು ಜನ ಯಾವಾಗ ಒಯ್ತಾರೆ?

ಗಾಣದ ಮಗ

ಒಂದು ವಾರ, ಹತ್ತು ದಿನ ಮುಂಚೆ. ತ್ರಯೋದಶಿ ಸಂಜೆ ಬರೋರು ಮರೆತವರು ಮಾತ್ರ.

ಪದಗಳ ಅಂಗಡಿ

ಹಾಗಾದರೆ ಅವತ್ತು ಸಂಜೆ ರಿಯಾಯಿತಿ ಹೇಳಿ ಯಾರಿಗೆ ಮಾರ್ತೀರಿ? ಎಲ್ಲರ ಅಡುಗೆಮನೆಯಲ್ಲೂ ಎಣ್ಣೆ ಬಂದು ಕೂತಿರುತ್ತೆ. ಪೂರ್ತಿ ಬೆಲೆ ಕೊಟ್ಟು ಒಯ್ದವರಿಗೆ ಹೊಟ್ಟೆ ಉರಿಯುತ್ತೆ, ಅಷ್ಟೇ. ರಿಯಾಯಿತಿ ಪೋಸ್ಟ್ ಹತ್ತು ದಿನ ಮುಂಚೆ ಹಾಕಿ. ಅಲ್ಲಿ ನಾಚಿಕೆ ಬೇಡ. ಯಾವ ಎಣ್ಣೆ, ಎಷ್ಟು, ಯಾವ ದಿನದ ತನಕ, ನಂಬರ್, ಎಲ್ಲ ದಪ್ಪ ಅಕ್ಷರದಲ್ಲಿ ಇರಲಿ. ಮಾರೋ ದಿನ ಮಾರಿ.

ನಂಬರ್ ವಿಷಯ. ನಿಮ್ಮ ವಾಟ್ಸಾಪ್ ಸ್ಟೇಟಸ್ ಯಾರಿಗೆ ಕಾಣುತ್ತೆ? ನೀವು ಅವರ ನಂಬರ್, ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ. ನಂಬರ್ ಇರೋರಿಗೇ ನಂಬರ್ ಕೊಟ್ಟ ಹಾಗೆ ಆಯ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೈಲ್ ಮೇಲೆ ಕರೆ ಬಟನ್ ಹಾಕಿಕೊಳ್ಳಿ.

ಹುಬ್ಬಳ್ಳಿ ಗ್ಯಾರೇಜ್

ಅಪ್ಪಾರದೂ ಒಂದು ಮಾತು ಖರೇ ಐತ್ರಿ ಅಕ್ಕಾರ. ಯಾರರ ಸ್ಕ್ರೀನ್‌ಶಾಟ್ ಹೊಡದು ಬ್ಯಾರೆ ಗ್ರೂಪಿಗೆ ಹಾಕಿದ್ರ, ಅಲ್ಲಿ ನಂಬರ್ ಇರಂಗಿಲ್ಲ.

ಪದಗಳ ಅಂಗಡಿ

ಹೌದು, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕೆಳಗೆ ಎರಡು ನಂಬರ್ ಇರೋ ಶುಭಾಶಯವನ್ನು ಯಾರು ಫಾರ್ವರ್ಡ್ ಮಾಡ್ತಾರೆ ಅನ್ನೋದೂ ನೋಡಬೇಕು. ಸಹಿಯಲ್ಲಿ ಗಾಣದ ಹೆಸರು, ಊರು ಇರಲಿ. ಹುಡುಕೋರು ಹುಡುಕಿಕೊಳ್ತಾರೆ.

"ಶುಭಾಶಯ" ಪದದ ಬಗ್ಗೆ ನಿಮ್ಮ ಅಪ್ಪ ಹೇಳಿದ್ದು ಸರಿ ಇರಬಹುದು. ಹಳೇ ಗಿರಾಕಿಗಳಿಗೆ ಆ ಪದ ಕಾಣದಿದ್ದರೆ ಏನೋ ಬಿಟ್ಟು ಹೋದ ಹಾಗೆ ಅನ್ನಿಸುತ್ತೆ. ನನಗೆ "ನಮಸ್ಕಾರ" ಸಾಕು. ಮನೆಯವರು ನೀವು, ತೀರ್ಮಾನ ನಿಮ್ಮದು.

ಸಹಿ ಕೆಳಗೆ ಒಂದು ಉಪಯೋಗದ ಮಾತು ಹಾಕಿ. ಹಬ್ಬಕ್ಕೆ ರಜೆ ಕೊಡ್ತೀರಾ?

ಗಾಣದ ಮಗ

ಕೊಡ್ತೀವಿ ಅಕ್ಕ. ಪಾಡ್ಯದ ತನಕ ಗಾಣ ತಿರುಗಿಸೋದಿಲ್ಲ. ಒನಕೆಗೆ ಹೂವು ಹಾಕಿ ಬಿಡ್ತೀವಿ.

ಪದಗಳ ಅಂಗಡಿ

ಹಾಗಾದರೆ ಅದೇ ಕೊನೆ ಸಾಲು. "ಗಾಣ ನಿಂತಿದೆ. ಪಾಡ್ಯ ಕಳೆದು ತಿರುಗುತ್ತದೆ. ಅಪ್ಪ, ಮಗ." ನೀವು ಮರದ ಗಾಣದವರು, ನೀವೂ ಹಬ್ಬ ಮಾಡೋರು ಅನ್ನೋದು ಅದರಲ್ಲೇ ಬಂತು.

ಗಾಣದ ಮಗ (ಹಬ್ಬ ಕಳೆದ ಮೇಲೆ)

ಹಾಕಿದ್ದೆ. ಪಂಚಾಂಗ ನೋಡಿ, ತ್ರಯೋದಶಿ ಸಂಜೆ ಏಳಕ್ಕೆ. ಫೋಟೋದಲ್ಲಿ ಅಜ್ಜಿಯ ಬಟ್ಟಲು, ಅಮ್ಮನ ಬೆರಳು. "ನಮಸ್ಕಾರ" ಪಕ್ಕದಲ್ಲಿ ಅಪ್ಪನ ಮಾತಿಗೆ "ಶುಭಾಶಯ" ಕೂಡ ಸೇರಿಸಿದೆ, ಸರಿಯಾದ ಶ ಹಾಕಿ.

ನಂಬರ್ ಕೇಳಿದವರು ಯಾರೂ ಇಲ್ಲ. ಕೆಲವರು ತಮ್ಮ ತಾಯಿಯ ಹೆಸರು ಬರೆದರು, ಒಬ್ಬರು ಹಳೇ ಫೋಟೋ ಕಳಿಸಿದರು. ಅಪ್ಪ ಅದನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದರು.

ಆದರೆ ಅಕ್ಕ, ಕೊನೆ ಸಾಲು ಕೈ ಕೊಟ್ಟಿತು. "ಗಾಣ ನಿಂತಿದೆ" ಅಂದದ್ದನ್ನು ನೋಡಿ ಮೂರು ಜನ ಫೋನ್ ಮಾಡಿ, ಯಾಕಪ್ಪಾ ಮುಚ್ಚಿಬಿಟ್ರಾ, ಸಾಲ ಆಯ್ತಾ ಅಂತ ಕೇಳಿದರು. ಅದರಲ್ಲಿ ಒಬ್ಬರು ಹಿಂಡಿ ಒಯ್ಯೋರು, ಪಾಡ್ಯಕ್ಕೆ ಬೇರೆ ಕಡೆ ಹೇಳಿಬಿಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಎಡಿಟ್ ಮಾಡಿ "ಗಾಣಕ್ಕೆ ಮೂರು ದಿನ ರಜೆ" ಅಂತ ಬದಲಾಯಿಸಿದೆ.

ಅಪ್ಪ ತಮ್ಮ ಫೋನಿನ ಸ್ಟೇಟಸ್‌ಗೆ ಹೋದ ವರ್ಷದ್ದನ್ನೇ ಹಾಕಿಕೊಂಡಿದ್ದಾರೆ. ಎರಡೂ ನಂಬರ್ ಸಮೇತ.

ಸುಮ್ನೆ ಬಂದೆ

ನನ್ನ ಎಳ್ಳೆಣ್ಣೆ ಇನ್ನೂ ಬಂದಿಲ್ಲ.